ಬರೆದುಕೊಡಿ ಅಂದವರು ಒಬ್ಬರು, ಬೇಡ ಅನ್ನಬೇಕಾದವರು ಇನ್ನೊಬ್ಬರು

ಮೇಡಂ, ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ತಂಡಕ್ಕೆ ನಾನು ಮುಖ್ಯಸ್ಥೆ. ದೂರುಗಳನ್ನು ಎಕ್ಸೆಲ್ ಶೀಟಿನಲ್ಲಿ ಬರೆದಿಡುತ್ತೇವೆ. ಅದನ್ನು ಬಿಟ್ಟು ಹೊಸ ಸಾಫ್ಟ್‌ವೇರ್ ತರೋಣ ಅಂತ ಸಹೋದ್ಯೋಗಿಯೊಬ್ಬರು 11 ಪುಟದ ಪ್ರಸ್ತಾವ ಕಳಿಸಿದ್ದಾರೆ. ಯಾವುದೋ ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್ ‘ಬರೆದುಕೊಡಿ, ನೋಡೋಣ’ ಅಂದಿದ್ದರಂತೆ. ಒಂದೇ ದೂರು ಎರಡೆರಡು ಸಲ ದಾಖಲಾಗುತ್ತಿದೆ ಅಂತ ಸಹೋದ್ಯೋಗಿ ತೋರಿಸಿದ್ದು ನಿಜ. ಆದರೆ ಈ ವರ್ಷ ಇದು ಬೇಡ ಅಂತ ಮ್ಯಾನೇಜರ್ ಮತ್ತು ನಾನು ತೀರ್ಮಾನಿಸಿದ್ದೇವೆ. ಮುಂದಿನ ವರ್ಷದ್ದೂ ಗ್ಯಾರಂಟಿ ಇಲ್ಲ. ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದದ್ದು ಹೀಗಿದೆ:

“ನಿಮ್ಮ ಪ್ರಸ್ತಾವ ನೋಡಿದೆ. ಇದು ಆಗುವ ಕೆಲಸವಲ್ಲ. ಬಜೆಟ್ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. 6 ವರ್ಷದ ಹಳೇ ದಾಖಲೆಯನ್ನು ಹೊಸದಕ್ಕೆ ಯಾರು ಹಾಕುತ್ತಾರೆ ಅಂತ ಯೋಚನೆಯನ್ನೇ ಮಾಡಿಲ್ಲ. ಆಡಿಟ್‌ಗೆ 3 ತಿಂಗಳಿರುವಾಗ ಇಂಥದ್ದು ತರುವುದು ಬೇಜವಾಬ್ದಾರಿ. ಇನ್ನು ಮುಂದೆ ಇಂಥದ್ದಕ್ಕೆ ಸಮಯ ಹಾಳು ಮಾಡುವ ಮೊದಲು ನನ್ನನ್ನು ಕೇಳಿ.”

ಗೆಳತಿಗೆ ತೋರಿಸಿದರೆ ‘ಅಯ್ಯೋ, ಇಷ್ಟು ಖಾರ ಬೇಡ’ ಅಂತ ತಿದ್ದಿಕೊಟ್ಟಳು: “ನಿಮ್ಮ ಅದ್ಭುತ ಪ್ರಸ್ತಾವಕ್ಕೆ ತುಂಬಾ ಥ್ಯಾಂಕ್ಸ್! ಸದ್ಯದ ಪರಿಸ್ಥಿತಿಯಲ್ಲಿ ಕೆಲವು ಸವಾಲುಗಳಿವೆ. ಮುಂದೆ ಖಂಡಿತ ನೋಡೋಣ.” ಇದನ್ನು ಓದಿದರೆ ನಾವು ಒಪ್ಪಿದ್ದೇವೋ ಬಿಟ್ಟಿದ್ದೇವೋ ನನಗೇ ಗೊತ್ತಾಗುತ್ತಿಲ್ಲ. ತೀರ್ಮಾನ ಬದಲಾಗಬಾರದು, ಕಾರಣಗಳೂ ಉಳಿಯಬೇಕು, ಅವರ ಮನಸ್ಸೂ ಮುರಿಯಬಾರದು. ಏನು ಮಾಡಲಿ?

— ಹೆಸರು ಬೇಡ

*

‘ಅಂದಿದ್ದರಂತೆ’! ಎಷ್ಟು ಹಗುರವಾಗಿ ದಾಟಿಬಿಟ್ಟಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಮಾತು. 11 ಪುಟ ಸುಮ್ನೆ ಬರೆಯಲಿಲ್ಲ ಅವರು. ನಿಮ್ಮ ಮ್ಯಾನೇಜರ್ ಕೇಳಿದ್ದಕ್ಕೆ ಬರೆದರು. ಹಾಗಿದ್ದ ಮೇಲೆ ‘ಸಮಯ ಹಾಳು ಮಾಡುವ ಮೊದಲು ನನ್ನನ್ನು ಕೇಳಿ’ ಅನ್ನುವ ಕೊನೆಯ ಸಾಲು ಖಾರ ಅನ್ನುವುದಕ್ಕಿಂತ ಮೊದಲು ತಪ್ಪು. ಅವರು ಕೇಳಿಯೇ ಬರೆದಿದ್ದಾರೆ, ಅದೂ ನಿಮಗಿಂತ ಮೇಲಿನವರನ್ನು. ಆ ಸಾಲನ್ನು ಮೆತ್ತಗೆ ಮಾಡುವ ದಾರಿ ಹುಡುಕಬೇಡಿ, ತೆಗೆದುಹಾಕಿ.

ಮ್ಯಾನೇಜರ್ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ‘ಬರೆದುಕೊಡಿ, ನೋಡೋಣ’ ಅನ್ನುವುದು ಮೀಟಿಂಗ್ ಮುಗಿಸಲು ಬಳಸುವ ಮಾತು. ಹೇಳಿದವರು ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತಾರೆ. ಕೇಳಿಸಿಕೊಂಡವರು ಮನೆಗೆ ಹೋದ ಮೇಲೂ ಕೂತು ಬರೆಯುತ್ತಾರೆ. ಆಮೇಲೆ ಬೇಡ ಅನ್ನುವ ಸರದಿ ಬಂದಾಗ ಆ ಮೇಲ್ ಇನ್ನೊಬ್ಬರ ತಲೆಗೆ. ನಿಮ್ಮ ಮೇಲ್‌ನಲ್ಲಿರುವ ಅರ್ಧ ಖಾರ ಸಹೋದ್ಯೋಗಿಯ ಮೇಲಿನದ್ದಲ್ಲ ಅಂತ ನನಗೆ ಅನುಮಾನ. ಈ ಕೆಲಸ ನಿಮ್ಮ ಕೊರಳಿಗೆ ಬಿತ್ತಲ್ಲ, ಆ ಸಿಟ್ಟು ಅದು. ಮ್ಯಾನೇಜರ್ ಮೇಲೆ ತೋರಿಸಲಾಗದ್ದು ಸುಲಭವಾಗಿ ಸಿಕ್ಕವರ ಮೇಲೆ ಹೋಗಿದೆ.

ಇನ್ನು ನಿಮ್ಮ ಗೆಳತಿ. ಅವರ ಮನಸ್ಸು ಒಳ್ಳೆಯದಿರಬಹುದು, ಮೇಲ್ ಮಾತ್ರ ನಿಮ್ಮದಕ್ಕಿಂತ ಅಪಾಯದ್ದು. ನಿಮ್ಮ ಮೂರು ಕಾರಣಗಳು ಅಲ್ಲಿ ‘ಕೆಲವು ಸವಾಲು’ ಆಗಿಬಿಟ್ಟಿವೆ. ‘ಸದ್ಯದ’ ಅಂದರೆ ಸ್ವಲ್ಪ ಕಾದರೆ ಆಗುತ್ತದೆ ಅಂತ ಅರ್ಥ. ‘ಖಂಡಿತ’ ಅಂದರೆ ಮಾತು ಕೊಟ್ಟ ಹಾಗೆ. ಈ ಮೇಲ್ ಕಳಿಸಿದರೆ ಆಡಿಟ್ ಮುಗಿದ ಮರುವಾರ ಅವರು 15 ಪುಟದ ಹೊಸ ಪ್ರಸ್ತಾವ ಹಿಡಿದು ಬರುತ್ತಾರೆ. ಆಗ ಬೇಡ ಅಂದರೆ ಎರಡು ಸಲ ಮೋಸ ಮಾಡಿದ ಹಾಗಾಗುತ್ತದೆ. ಮೆದು ಮಾಡುವುದು ಬೇರೆ, ಮಸುಕು ಮಾಡುವುದು ಬೇರೆ ಅಂತ ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ.

ಈಗ ನಿಮ್ಮ ಕರಡಿಗೆ ಬರೋಣ. ಅದರಲ್ಲಿ ಕಾರಣಗಳಿವೆ, ತೀರ್ಮಾನವೂ ಇದೆ. ಚುಚ್ಚುವುದು ಅವುಗಳಲ್ಲ, ಪಕ್ಕದಲ್ಲಿ ಅಂಟಿಕೊಂಡಿರುವ ತುಂಡುಗಳು. ‘ಬಜೆಟ್ ಇಲ್ಲ’ ಅನ್ನುವುದು ಕಾರಣ. ‘ಎಲ್ಲರಿಗೂ ಗೊತ್ತಿರುವ ವಿಷಯ’ ಅನ್ನುವುದು ನಿಮಗೊಬ್ಬರಿಗೇ ಗೊತ್ತಿಲ್ಲ ಅಂತ ಹಂಗಿಸುವ ಮಾತು. ‘ದಾಖಲೆ ಯಾರು ಹಾಕುತ್ತಾರೆ’ ಅನ್ನುವುದು ಒಳ್ಳೆಯ ಪ್ರಶ್ನೆ. ‘ಯೋಚನೆಯನ್ನೇ ಮಾಡಿಲ್ಲ’ ಅನ್ನುವುದು ಅವರ ತಲೆಯೊಳಗಿನ ವಿಷಯ, ನೀವು ನೋಡಿದ್ದಲ್ಲ. ಯೋಚಿಸಿ ಬರೆಯದೆ ಬಿಟ್ಟಿರಬಹುದು. ನಿಮಗೆ ಗೊತ್ತಿರುವುದು ಇಷ್ಟೇ: ಪ್ರಸ್ತಾವದಲ್ಲಿ ಅದು ಬಂದಿಲ್ಲ. ಅಷ್ಟನ್ನೇ ಬರೆಯಿರಿ. ಅದಕ್ಕೂ ಮೊದಲು 11 ಪುಟವನ್ನೂ ಇನ್ನೊಮ್ಮೆ ತಿರುವಿ ಹಾಕಿ. ‘ಬಂದಿಲ್ಲ’ ಅಂತ ಬರೆದದ್ದು 9ನೇ ಪುಟದಲ್ಲಿ ಸಿಕ್ಕರೆ ಉಳಿದ ಕಾರಣಗಳನ್ನೂ ಅವರು ನಂಬುವುದಿಲ್ಲ.

ನಾವು ಒಂದು ತಪ್ಪು ಮಾಡುತ್ತೇವೆ. ಮೇಲ್‌ನಲ್ಲಿ ‘ನೀವು’ ಅಂತ ಇಲ್ಲದಿದ್ದರೆ ಯಾರನ್ನೂ ಬೈದಿಲ್ಲ ಅಂದುಕೊಳ್ಳುತ್ತೇವೆ. ನಿಮ್ಮ ಕರಡಿನಲ್ಲೂ ‘ನೀವು’ ಎಲ್ಲೂ ಇಲ್ಲ. ಆದರೂ ‘ಮಾಡಿಲ್ಲ’ ಅಂದಾಗ ಯಾರು ಮಾಡಿಲ್ಲ ಅಂತ ಓದುವವರಿಗೆ ಗೊತ್ತಾಗಲ್ವಾ? ಹಾಗಾಗಿ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಕೇಳಿ: ಇದು ಪ್ರಸ್ತಾವದ ಬಗ್ಗೆಯೋ, ಬರೆದವರ ಬಗ್ಗೆಯೋ? ‘ಬೇಜವಾಬ್ದಾರಿ’ ಬರೆದವರ ಬಗ್ಗೆ. ಅದನ್ನು ತೆಗೆದ ಮೇಲೂ ಆಡಿಟ್‌ನ ಕಾರಣ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಆಡಿಟ್ ಹೊತ್ತಿನಲ್ಲಿ ಏನು ತೊಂದರೆ ಅಂತ ನೀವು ಬಿಡಿಸಿ ಹೇಳಲೇಬೇಕಾಗುತ್ತದೆ. ಬೈಗುಳ ಇದ್ದಲ್ಲಿ ವಿವರಣೆ ಬರೆಯುವ ಕಷ್ಟ ತಪ್ಪುತ್ತದೆ. ನಿಮ್ಮ ಮೊದಲ ಕರಡು ಅಷ್ಟು ಚಿಕ್ಕದಾಗಿದ್ದಕ್ಕೆ ಇದೇ ಕಾರಣ.

ಇನ್ನೊಂದು ವಿಷಯ ಕಾರಣಗಳ ಸಾಲಿನದ್ದು. ನೀವು ಬಜೆಟ್ಟನ್ನು ಮೊದಲು ಇಟ್ಟಿದ್ದೀರಿ. ಹೇಳಲು ಅದೇ ಸುಲಭ ಅಲ್ವಾ, ಯಾರಿಗೂ ನೋವಾಗುವುದಿಲ್ಲ. ಆದರೆ ಉತ್ಸಾಹ ಇರುವವರು ಮೊದಲ ಕಾರಣವನ್ನು ಪರಿಹರಿಸಬೇಕಾದ ಲೆಕ್ಕದ ಹಾಗೆ ಓದುತ್ತಾರೆ. ದುಡ್ಡಿಲ್ಲ ಅಂದರೆ ಉಚಿತ ಸಾಫ್ಟ್‌ವೇರ್ ಹುಡುಕಿ ತರುತ್ತಾರೆ. ಆಗ ನೀವು ‘ಇಲ್ಲ, ಆಡಿಟ್ ಇದೆ’ ಅಂದರೆ ಒಂದೊಂದೇ ನೆಪ ತೆಗೆಯುತ್ತಿದ್ದೀರಿ ಅನ್ನಿಸುತ್ತದೆ. ಯಾವ ಕಾರಣ ಒಂದಿದ್ದರೂ ನಿಮ್ಮ ಉತ್ತರ ಇದೇ ಆಗಿರುತ್ತಿತ್ತೋ ಅದು ಮೊದಲು ಬರಲಿ. ನಿಮ್ಮ ಪತ್ರ ಓದಿದರೆ ಅದು ಆಡಿಟ್ ಅಂತ ನನಗನ್ನಿಸುತ್ತದೆ. ಅಲ್ಲ ಅಂತಾದರೆ ಬದಲಾಯಿಸಿಕೊಳ್ಳಿ.

ಹೊಗಳಿಕೆ ಬೇಕೇ? ಒಂದು ಸಾಕು, ನಿಜವಾದದ್ದು, ಕಾರಣಗಳಾದ ಮೇಲೆ. ಮೊದಲೇ ಹೊಗಳಿದರೆ ಓದುವವರು ‘ಆದರೆ’ ಎಲ್ಲಿ ಬರುತ್ತದೆ ಅಂತ ಹುಡುಕುತ್ತಾ ಹೋಗುತ್ತಾರೆ. ‘ಅದ್ಭುತ’ ಅನ್ನುವುದು ಯಾವ ಪ್ರಸ್ತಾವಕ್ಕೂ ಅಂಟುತ್ತದೆ. ಓದದೆಯೂ ಹೇಳಬಹುದು. ದೂರುಗಳು ಎರಡೆರಡು ಸಲ ದಾಖಲಾಗುತ್ತಿವೆ ಅನ್ನುವುದನ್ನು ಓದಿದವರು ಮಾತ್ರ ಹೇಳಲು ಸಾಧ್ಯ. ಅಂಥ ಮಾತು ನಿಮ್ಮ ಕೈಯಲ್ಲೇ ಇತ್ತು, ಎರಡು ಕರಡಿನಲ್ಲೂ ಬರಲಿಲ್ಲ!

ಇಷ್ಟೆಲ್ಲ ಸೇರಿಸಿ ನಾನು ಬರೆದರೆ ಹೀಗೆ ಬರೆಯುತ್ತೇನೆ:

“ನಮಸ್ತೆ. ಮ್ಯಾನೇಜರ್ ಕೇಳಿದ್ದಕ್ಕೆ ನೀವು ಬರೆದುಕೊಟ್ಟ ಪ್ರಸ್ತಾವವನ್ನು ಅವರೂ ನಾನೂ ಪೂರ್ತಿ ಓದಿದೆವು. ಈ ವರ್ಷ ಹೊಸ ಸಾಫ್ಟ್‌ವೇರ್ ಬೇಡ ಅಂತ ಇಬ್ಬರೂ ತೀರ್ಮಾನಿಸಿದ್ದೇವೆ.

ಮುಖ್ಯ ಕಾರಣ ಆಡಿಟ್. ಅದಕ್ಕೆ 3 ತಿಂಗಳಷ್ಟೇ ಉಳಿದಿದೆ. ಆ ಹೊತ್ತಿಗೆ ಅರ್ಧ ದಾಖಲೆ ಹಳೇ ಶೀಟಿನಲ್ಲಿ, ಅರ್ಧ ಹೊಸದರಲ್ಲಿ ಇದ್ದರೆ ಕೇಳಿದ್ದನ್ನು ಹುಡುಕಿಕೊಡುವುದು ಕಷ್ಟವಾಗುತ್ತದೆ. ಎರಡನೆಯದು, 6 ವರ್ಷದ ದಾಖಲೆಯನ್ನು ಹೊಸದಕ್ಕೆ ಹಾಕುವ ಕೆಲಸ. ಅದನ್ನು ಯಾರು, ಎಷ್ಟು ದಿನದಲ್ಲಿ ಮಾಡಬೇಕು ಅನ್ನುವುದು ಪ್ರಸ್ತಾವದಲ್ಲಿ ಬಂದಿಲ್ಲ, ತಂಡದಲ್ಲಿ ಈಗ ಬಿಡುವಿರುವವರೂ ಇಲ್ಲ. ಮೂರನೆಯದು, ಈ ವರ್ಷದ ಬಜೆಟ್‌ನಲ್ಲಿ ಇದಕ್ಕೆ ಹಣ ಇಟ್ಟಿಲ್ಲ. ಮುಂದಿನ ವರ್ಷದ ಬಗ್ಗೆ ಈಗ ಮಾತು ಕೊಡಲಾರೆ.

ಒಂದೇ ದೂರು ಎರಡೆರಡು ಸಲ ದಾಖಲಾಗುತ್ತಿದೆ ಅಂತ ನೀವು ತೋರಿಸಿದ್ದು ಸರಿ. ಈಗಿರುವ ಶೀಟಿನಲ್ಲೇ ಅದನ್ನು ತಡೆಯುವುದು ಹೇಗೆ ಅಂತ ಈ ವಾರ ಕೂತು ನೋಡೋಣ. ಮೇಲಿನ ಕಾರಣಗಳಲ್ಲಿ ಯಾವುದಾದರೂ ಸ್ಪಷ್ಟವಾಗಿಲ್ಲದಿದ್ದರೆ ನನ್ನನ್ನು ಕೇಳಿ.”

ಮೂರು ಕಾರಣಗಳೂ ಇವೆ, ಎಣಿಸಿ ನೋಡಿ. ಬೇಡ ಅನ್ನುವುದು ಮೊದಲ ಪ್ಯಾರಾ ಮುಗಿಯುವುದರೊಳಗೆ ಗೊತ್ತಾಗುತ್ತದೆ. ‘ತೀರ್ಮಾನಿಸಲಾಗಿದೆ’ ಅಂತ ಬರೆಯದೆ ‘ತೀರ್ಮಾನಿಸಿದ್ದೇವೆ’ ಅಂತ ಬರೆದದ್ದನ್ನು ಗಮನಿಸಿ. ಈ ‘ಲಾಗಿದೆ’ಗಳ ಮೇಲೆ ನನ್ನ ಹಗೆ ಹಳೆಯದು. ಬೇಡ ಅಂದವರಿಗೆ ಮುಖ ಇರಬೇಕು, ಇಲ್ಲದಿದ್ದರೆ ಬೇಸರ ಆದವರು ಯಾರನ್ನು ಕೇಳಬೇಕು? ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ ಬರೆದಿಲ್ಲ. ಮುಗಿದ ತೀರ್ಮಾನಕ್ಕೆ ಅಭಿಪ್ರಾಯ ಕೇಳುವುದು ಮರ್ಯಾದೆಯಲ್ಲ. ಶೀಟನ್ನು ಸರಿಮಾಡುವ ಮಾತನ್ನೂ ನಿಜವಾಗಿ ಕೂರುವುದಿದ್ದರೆ ಮಾತ್ರ ಇಟ್ಟುಕೊಳ್ಳಿ. ಇಲ್ಲವಾದರೆ ಅಳಿಸಿ.

ಕಳಿಸುವ ಮೊದಲು ಈ ಪ್ರಸ್ತಾವದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ, ಆ ಗೆಳತಿಗಂತೂ ಬೇಡ. ‘ಆಯ್ತಾ, ಇಲ್ವಾ? ಯಾಕೆ?’ ಅಂತ ಕೇಳಿ. ‘ಇಲ್ಲ, ಆಡಿಟ್ ಇದೆ’ ಅಂದರೆ ಮೇಲ್ ಸರಿಯಿದೆ. ‘ಆಮೇಲೆ ನೋಡ್ತಾರಂತೆ’ ಅಂದರೆ ಎಲ್ಲೋ ಮಸುಕಾಗಿದೆ, ಮತ್ತೆ ತಿದ್ದಿ. ಮೇಲ್ ಆ ಸಹೋದ್ಯೋಗಿಗಷ್ಟೇ ಹೋಗಲಿ, ಸಿಸಿಯಲ್ಲಿ ಮ್ಯಾನೇಜರ್ ಮಾತ್ರ ಇರಲಿ. ತಂಡಕ್ಕೆಲ್ಲ ಕಾಪಿ ಹೋದರೆ ಎಷ್ಟು ನಯವಾಗಿ ಬರೆದರೂ ಅದು ನಾಲ್ಕು ಜನರ ಮುಂದೆ ಬೇಡ ಅಂದ ಹಾಗೇ.

ಉಳಿದದ್ದನ್ನು ಹೇಗೆ ಬೇಕಾದರೂ ಬದಲಾಯಿಸಿ, ಒಂದನ್ನು ಬಿಡಬೇಡಿ: ‘ಮ್ಯಾನೇಜರ್ ಕೇಳಿದ್ದಕ್ಕೆ’ ಅನ್ನುವ ಆ ಎರಡು ಪದ. ಕಳಿಸುವ ಮೊದಲು ಮ್ಯಾನೇಜರ್‌ಗೆ ತೋರಿಸಿ, ಹೌದು ತಾನೇ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ‘ಅದೆಲ್ಲ ಯಾಕೆ, ತೆಗೆದುಬಿಡಿ’ ಅಂದರೆ ತೆಗೆಯಬೇಡಿ. ಹಾಗಾದರೆ ಈ ಮೇಲ್ ನೀವೇ ಕಳಿಸಿ ಸರ್ ಅಂತ ಕರಡನ್ನು ಅವರಿಗೇ ಫಾರ್ವರ್ಡ್ ಮಾಡಿ.