ಐಗನ್ ವ್ಯಾಲ್ಯೂ 0, 1, 1 ಬಂದ ಮಾತ್ರಕ್ಕೆ ಐಡೆಂಪೊಟೆಂಟ್ ಆಗಲ್ಲ

ಪ್ರಶ್ನೆ: ನಿಲ್‌ಪೊಟೆಂಟ್‌ಗೆ ಐಗನ್ ವ್ಯಾಲ್ಯೂ ಎಲ್ಲಾ 0, ಐಡೆಂಪೊಟೆಂಟ್‌ಗೆ 0 ಅಥವಾ 1 ಅಂತ ಗೊತ್ತು. ಆದ್ರೆ ಪರೀಕ್ಷೆಯಲ್ಲಿ 3×3 ಕೊಟ್ರೆ ಐಗನ್ ವ್ಯಾಲ್ಯೂ ತೆಗೆಯೋಕೇ ಟೈಮ್ ಹೋಗುತ್ತೆ. ಬೇಗ ತೆಗೆದು ಗುರುತಿಸೋ ಟ್ರಿಕ್ ಇದೆಯಾ?

ನಾನೂ ಇದೇ ಟ್ರಿಕ್ ಹುಡುಕುತ್ತಿದ್ದೆ, ಹುಡುಕಿ ಕಲಿತೂ ಬಿಟ್ಟಿದ್ದೆ. ಅದರಿಂದಲೇ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಒಂದು ಪೂರ್ತಿ ಪ್ರಶ್ನೆ ಕಳೆದುಕೊಂಡೆ. ಒಂದಕ್ಕಿಂತ ಜಾಸ್ತಿ ಸರಿಯುತ್ತರ ಇರುವ ಪ್ರಶ್ನೆ ಅದು, ಒಂದು ತಪ್ಪು ಟಿಕ್ ಹಾಕಿದರೂ ಅಂಕ ಸೊನ್ನೆ. ಮ್ಯಾಟ್ರಿಕ್ಸ್ ಈಗಲೂ ಕಣ್ಣ ಮುಂದೆ ಇದೆ:

```
A =  1  -1   1
     0   0   1
     1  -1   1
```

ಒಂದನೇ ಸಾಲು, ಮೂರನೇ ಸಾಲು ಒಂದೇ. ಹಾಗಾಗಿ ಡಿಟರ್ಮಿನೆಂಟ್ 0. ಟ್ರೇಸ್ 2. ಕರ್ಣದ ಮೇಲಿನ 2×2 ಮೈನರ್‌ಗಳನ್ನು ಕೂಡಿಸಿದೆ, 0 + 0 + 1. ಅಂದರೆ ಸಮೀಕರಣ λ³ − 2λ² + λ = 0, ಅಂದರೆ λ(λ − 1)² = 0. ಐಗನ್ ವ್ಯಾಲ್ಯೂ 0, 1, 1. ಅರ್ಧ ನಿಮಿಷವೂ ಆಗಿರಲಿಲ್ಲ, ನೀವು ಕೇಳುತ್ತಿರುವ ವೇಗ ನನಗೆ ಆಗಲೇ ಇತ್ತು. ರ‍್ಯಾಂಕ್ ನೋಡಿದೆ, 2. ಟ್ರೇಸೂ 2. ಐಡೆಂಪೊಟೆಂಟ್‌ಗೆ ಟ್ರೇಸ್ ಮತ್ತು ರ‍್ಯಾಂಕ್ ಸಮ ಇರಬೇಕು ಅಂತ ಓದಿದ್ದೆ, ಅದೂ ಹೊಂದಿತು. `A² = A` ಅನ್ನೋ ಆಯ್ಕೆಗೆ ಧೈರ್ಯವಾಗಿ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಅದು ತಪ್ಪು. A² ನ ಮೊದಲ ಸಾಲು ಬೇಕಿದ್ದರೆ A ಯ ಮೊದಲ ಸಾಲಿನಿಂದ ಎರಡನೆಯದನ್ನು ಕಳೆದು ಮೂರನೆಯದನ್ನು ಕೂಡಿಸಿದರೆ ಸಾಕು: (2, −2, 1). A ಯಲ್ಲಿರುವುದು (1, −1, 1). ಎಡಮೇಲಿನ ಮೂಲೆಯ ಒಂದೇ ಒಂದು ಅಂಕಿ ಲೆಕ್ಕ ಹಾಕಿದ್ದರೂ 1 ರ ಜಾಗದಲ್ಲಿ 2 ಕಾಣುತ್ತಿತ್ತು. ಐದು ಸೆಕೆಂಡಿನ ಕೆಲಸ. ನಾನು ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯ ಒಳಗೂ ಅದೇ ತಪ್ಪು ಕೂತಿದೆ. A² = A ಇದ್ದರೆ, ಮತ್ತು Ax = λx ಆದರೆ, ಎರಡು ಸಲ A ಹಾಕಿದಾಗ λ²x = λx ಬರುತ್ತೆ, ಅಲ್ಲಿಂದ λ ಅಂದರೆ 0 ಅಥವಾ 1. ಇದು ಸರಿ. ಆದರೆ ಇದು ಹೋಗೋ ದಾರಿ ಮಾತ್ರ, ಇದರಿಂದ ವಾಪಸ್ ಬರೋಕಾಗಲ್ಲ. ನಿಲ್‌ಪೊಟೆಂಟ್‌ನಲ್ಲಿ ಹಾಗಲ್ಲ, ಅಲ್ಲಿ ವಾಪಸ್ ದಾರಿಯೂ ಇದೆ: ಐಗನ್ ವ್ಯಾಲ್ಯೂ ಎಲ್ಲಾ 0 (ಕಾಂಪ್ಲೆಕ್ಸ್ ಬೇರುಗಳನ್ನೂ ಸೇರಿಸಿ) ಆದರೆ ಸಮೀಕರಣ λ³ = 0 ಆಗುತ್ತೆ, ಕೇಲಿ-ಹ್ಯಾಮಿಲ್ಟನ್ ಪ್ರಕಾರ ಮ್ಯಾಟ್ರಿಕ್ಸ್ ಆ ಸಮೀಕರಣಕ್ಕೆ ಹೊಂದಲೇಬೇಕು, ಹಾಗಾಗಿ A³ = 0. ಮುಗೀತು. ಈ ಎರಡನ್ನೂ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಅಕ್ಕಪಕ್ಕ ಓದಿ, ಒಂದಕ್ಕೆ ನಿಜವಾದದ್ದು ಇನ್ನೊಂದಕ್ಕೂ ನಿಜ ಅಂದುಕೊಂಡಿದ್ದೆ. ನನ್ನ A ಗೆ ಕೇಲಿ-ಹ್ಯಾಮಿಲ್ಟನ್ ಕೊಡೋದು A(A − I)² = 0. ನಮಗೆ ಬೇಕಿರೋದು A(A − I) = 0. ಒಂದು A − I ಜಾಸ್ತಿ ಇದೆ, ನಾನು ಬಿದ್ದದ್ದು ಆ ಸಂದಿಯಲ್ಲೇ. ಟ್ರೇಸ್ ಮತ್ತು ರ‍್ಯಾಂಕ್ ಹೊಂದಿದರೂ ಆ ಸಂದಿ ಮುಚ್ಚಲ್ಲ ಅಂತ ಈ ಮ್ಯಾಟ್ರಿಕ್ಸೇ ಹೇಳುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಐಡೆಂಪೊಟೆಂಟ್ ಗುರುತಿಸೋಕೆ ಐಗನ್ ವ್ಯಾಲ್ಯೂ ತೆಗೀಬೇಡಿ. ಬೇಗ ತೆಗೆದರೂ ಉಪಯೋಗವಿಲ್ಲ. ಅದರ ಬದಲು I − A ಬರೆಯಿರಿ. A ಯ ರ‍್ಯಾಂಕ್ ಮತ್ತು I − A ಯ ರ‍್ಯಾಂಕ್ ಕೂಡಿಸಿದರೆ ಸರಿಯಾಗಿ n ಬರಬೇಕು. ಬಂದರೆ ಐಡೆಂಪೊಟೆಂಟ್, ಬರದಿದ್ದರೆ ಅಲ್ಲ. ಇಲ್ಲಿ ವಾಪಸ್ ದಾರಿಯೂ ಇದೆ. ನನ್ನ ಮ್ಯಾಟ್ರಿಕ್ಸ್‌ನಲ್ಲಿ I − A ಯ ಸಾಲುಗಳು (0, 1, −1), (0, 1, −1), (−1, 1, 0). ರ‍್ಯಾಂಕ್ 2. ಎರಡೂ ಎರಡೂ ನಾಲ್ಕು, ಮೂರಲ್ಲ. ಈಗ ಇದನ್ನು ನೋಡಿ:

```
B =  2  -2  -4        I - B =  -1   2   4
    -1   3   4                  1  -2  -4
     1  -2  -3                 -1   2   4
```

I − B ಯಲ್ಲಿ ಎಲ್ಲಾ ಸಾಲೂ ಒಂದೇ ಸಾಲಿನ ಗುಣಕ, ಕಣ್ಣಿಗೇ ಕಾಣುತ್ತೆ, ರ‍್ಯಾಂಕ್ 1. ರ‍್ಯಾಂಕ್ 1 ಇರೋ ಯಾವುದೇ ಮ್ಯಾಟ್ರಿಕ್ಸ್ M ಗೆ `M² = (M ಯ ಟ್ರೇಸ್) × M`. ನಾನು ಇದೊಂದನ್ನು ಮೊದಲೇ ಕಲಿತಿದ್ದರೆ ಸಾಕಿತ್ತು. ಟ್ರೇಸ್ 1 ಆದರೆ M² = M, ಐಡೆಂಪೊಟೆಂಟ್. ಟ್ರೇಸ್ 0 ಆದರೆ M² = 0, ನಿಲ್‌ಪೊಟೆಂಟ್. ಬೇರೆ ಏನೇ ಬಂದರೂ ಎರಡೂ ಅಲ್ಲ. ಇಲ್ಲಿ −1 − 2 + 4 = 1, ಹಾಗಾಗಿ I − B ಐಡೆಂಪೊಟೆಂಟ್. I − B ಆದರೆ B ಯೂ ಹೌದು. ಒಂದೇ ಒಂದು ಗುಣಾಕಾರವನ್ನೂ ಮಾಡಲಿಲ್ಲ ನೋಡಿ.

ಬೇಗ ತಳ್ಳಿಹಾಕೋಕೆ ಇನ್ನೊಂದಿದೆ: ಡಿಟರ್ಮಿನೆಂಟ್ ಸೊನ್ನೆ ಅಲ್ಲದಿದ್ದರೆ ಐಡೆಂಪೊಟೆಂಟ್ ಆಗೋಕೆ I ಒಂದಕ್ಕೇ ಸಾಧ್ಯ. 2×2 ಆದರೆ ಇನ್ನೂ ಸುಲಭ, ಡಿಟರ್ಮಿನೆಂಟ್ 0 ಇದ್ದು ಟ್ರೇಸ್ 1 ಆದರೆ ಐಡೆಂಪೊಟೆಂಟ್, ಟ್ರೇಸ್ 0 ಆದರೆ ನಿಲ್‌ಪೊಟೆಂಟ್.

ಆದರೆ ಈ 2×2 ರ ನಿಯಮವನ್ನು 3×3 ಕ್ಕೆ ಸುಮ್ನೆ ಎಳೆದು ತರಬೇಡಿ. ಕರ್ಣದಲ್ಲಿ 1, −1, 0 ಇಟ್ಟು ಉಳಿದದ್ದೆಲ್ಲ ಸೊನ್ನೆ ಮಾಡಿ. ಟ್ರೇಸ್ 0, ಡಿಟರ್ಮಿನೆಂಟ್ 0, ಆದರೂ ಎಷ್ಟು ಸಲ ಗುಣಿಸಿದರೂ ಸೊನ್ನೆ ಆಗಲ್ಲ. 3×3 ನಿಲ್‌ಪೊಟೆಂಟ್‌ಗೆ A² ನ ಟ್ರೇಸೂ 0 ಬರಬೇಕು. ಅದಕ್ಕೆ A² ನ ಕರ್ಣ ಮಾತ್ರ ಸಾಕು, ಒಂಬತ್ತೂ ಅಂಕಿ ಬೇಕಿಲ್ಲ. ಸಾಲುಗಳು (1, 1, 3), (5, 2, 6), (−2, −1, −3) ಇರೋ ಮ್ಯಾಟ್ರಿಕ್ಸ್ ತಗೊಳ್ಳಿ. ಟ್ರೇಸ್ 0. A² ನ ಕರ್ಣ 0, 3, −3, ಕೂಡಿಸಿದರೆ 0. ಡಿಟರ್ಮಿನೆಂಟೂ 0. ಮೂರೂ ಸರಿ, ನಿಲ್‌ಪೊಟೆಂಟ್. ಕರ್ಣದಲ್ಲಿ 3 ಕಂಡಿದ್ದರಿಂದ A² ಸೊನ್ನೆ ಅಲ್ಲ ಅನ್ನೋದೂ ಗೊತ್ತಾಯ್ತು, ಅಂದರೆ A³ ರಲ್ಲೇ ಸೊನ್ನೆ ಆಗೋದು.

ಫಲಿತಾಂಶ ಬಂದ ಮೇಲೆ ಒಂದು ರಾತ್ರಿ ಕೂತು ಆ ಹಳೆಯ A ಗೆ A² − A ಪೂರ್ತಿ ಬರೆದೆ. ಮೂರೂ ಸಾಲು (1, −1, 0) ಬಂತು. ರ‍್ಯಾಂಕ್ 1, ಟ್ರೇಸ್ 1 − 1 + 0, ಸೊನ್ನೆ. ನಿಲ್‌ಪೊಟೆಂಟ್! ಐಗನ್ ವ್ಯಾಲ್ಯೂ 0, 1 ಮಾತ್ರ ಇದ್ದರೆ A² − A ನಿಲ್‌ಪೊಟೆಂಟ್ ಆಗೋದು ಖಂಡಿತ, ಆದರೆ ನಿಲ್‌ಪೊಟೆಂಟ್ ಅಂದ ಮಾತ್ರಕ್ಕೆ ಅದು ಸೊನ್ನೆ ಮ್ಯಾಟ್ರಿಕ್ಸ್ ಆಗಬೇಕಿಲ್ಲ ಅಲ್ವಾ? ನೀವೂ ಒಮ್ಮೆ ಇದನ್ನು ಕೈಯಲ್ಲಿ ಬರೆದು ನೋಡಿ.