ಕೊನೆ ಸಾಲು ಕಾಣದ ವರ್ಕ್‌ಶೀಟ್ ಫೋಟೋ

ಪ್ರಶ್ನೆ: ಮೇಡಂ, ಮಗ ಐದನೇ ಕ್ಲಾಸು. ಜ್ವರ ಬಂದು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಅವನ ಗೆಳೆಯನ ಅಮ್ಮ ವಾಟ್ಸಾಪ್‌ನಲ್ಲಿ ವರ್ಕ್‌ಶೀಟ್ ಫೋಟೋ ಕಳಿಸಿದ್ದಾರೆ. ಫೋಟೋ ಓರೆ, ಅರ್ಧ ನೆರಳು, ಕೊನೆ ಪ್ರಶ್ನೆಗಳ ಕೆಳಗಿನ ಸಾಲು ಕಾಣುವುದೇ ಇಲ್ಲ. ಊಹೆ ಮಾಡಿ ಬರೆಸಬಹುದಾ?
— ಒಬ್ಬ ತಾಯಿ, ಹೊಸನಗರ

ಉತ್ತರ: ಮಾತನ್ನು ಕೆಲವು ಸಲ ಊಹಿಸಬಹುದು. ಅಂಕಿಯನ್ನು ಮಾತ್ರ ಬೇಡ.

ಮೊದಲು ಫೋಟೋ ಮೇಲೆ ಒತ್ತಿ ಪೂರ್ತಿ ತೆರೆದು ನೋಡಿ. ಉದ್ದನೆಯ ಫೋಟೋ ಆದರೆ ವಾಟ್ಸಾಪ್ ಚಾಟ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿ ತೋರಿಸುತ್ತದೆ. ತೆರೆದಾಗ ಆ ಸಾಲು ಸಿಕ್ಕರೂ ಸಿಗಬಹುದು. ನಂತರ ಗ್ಯಾಲರಿಯ ಎಡಿಟ್‌ನಲ್ಲಿ Shadows ಅನ್ನುವುದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನೆರಳಿನ ಜಾಗ ಮಾತ್ರ ತಿಳಿಯಾಗುತ್ತದೆ. ಕಪ್ಪು-ಬಿಳುಪು ಫಿಲ್ಟರ್ ಹಾಕಲು ಹೋಗಬೇಡಿ. ನೆರಳು ಬಿದ್ದ ಕಡೆ ಮಸಿ ಬಳಿದಂತಾಗುತ್ತದೆ, ಪೆನ್ಸಿಲ್‌ನ ತೆಳು ಗೆರೆಯೂ ಹೋಗುತ್ತದೆ. ಓರೆಯನ್ನು ಸರಿಮಾಡಿದರೆ ಓದಲು ಹಿತ ಅನ್ನಿಸುತ್ತದೆ ನಿಜ. ಆದರೆ ಮಸುಕಾದ ಅಕ್ಷರ ಅದರಿಂದ ಸ್ಪಷ್ಟವಾಗುವುದಿಲ್ಲ.

ಇನ್ನು ಕತ್ತರಿಸಿಹೋದ ಸಾಲು. ಕನ್ನಡದಲ್ಲಿ ಏನು ಮಾಡಬೇಕು ಅನ್ನುವ ಮಾತು ಬರುವುದೇ ವಾಕ್ಯದ ಕೊನೆಗೆ. ‘ಕಂಡುಹಿಡಿಯಿರಿ’, ‘ಹೊಂದಿಸಿ’, ‘ಯಾವುದು ಅಲ್ಲ?’ ಎಲ್ಲ ಅಲ್ಲೇ ಇರುತ್ತವೆ. ಆ ‘ಅಲ್ಲ’ ಒಂದು ಹೋದರೆ ಉತ್ತರವೇ ತಿರುಗಾಮುರುಗಾ.

ಸಾಲಿನ ಮೇಲರ್ಧ ಕಾಣುತ್ತಿದ್ದರೆ ಇನ್ನೂ ಹುಷಾರಾಗಿರಿ, ಏಕೆಂದರೆ ಓದಲು ಬಂದಂತೆಯೇ ಇರುತ್ತದೆ. ಮೊದಲು ಹೋಗುವುದು ಒತ್ತಕ್ಷರ. ‘ಕತ್ತೆ’ ನೋಡುವವರಿಗೆ ‘ಕತೆ’ ಆಗುತ್ತದೆ, ‘ಹಳ್ಳಿ’ ಹೋಗಿ ‘ಹಳಿ’ ಆಗುತ್ತದೆ. ‘ಧನ’ದ ಕೆಳಗಿನ ಸೀಳು ಕಾಣದಿದ್ದರೆ ಅದು ‘ದನ’. ಇವನ್ನು ಮೇಲಿನ ಸಾಲಿನ ಅರ್ಥದಿಂದ ಸರಿಮಾಡಿಕೊಳ್ಳಬಹುದು. ಊಹಿಸಬಹುದು ಅಂದದ್ದು ಇದನ್ನೇ. ಅಂಕಿಗೆ ಆ ಆಸರೆ ಇಲ್ಲ. 8ರ ಮೇಲರ್ಧ, 9ರ ಮೇಲರ್ಧ ಎರಡೂ ಒಂದೇ ಥರ. 2 ಮತ್ತು 3 ಕೂಡ ಹಾಗೇ. ದಶಮಾಂಶದ ಚುಕ್ಕಿ ಕೂರುವುದೇ ಸಾಲಿನ ತಳದಲ್ಲಿ. ಅದು ಹೋದರೆ 2.5 ಅನ್ನುವುದು 25.

ಒಂದು ಲೆಕ್ಕ ನೋಡೋಣ. ‘ಒಂದು ತೋಟದ ಉದ್ದ 24 ಮೀಟರ್, ಅಗಲ 18 ಮೀಟರ್. ಸುತ್ತ ಮೂರು ಸುತ್ತು ತಂತಿ ಬೇಲಿ ಹಾಕಬೇಕು. ಒಂದು ಮೀಟರ್ ತಂತಿಗೆ ರೂ. 1...’ ಅಲ್ಲಿಗೆ ಫೋಟೋದ ಅಂಚು. ಒಂದರ ಪಕ್ಕದ ಅಂಕಿಯ ತಲೆ ಮಾತ್ರ ಕಾಣುತ್ತಿದೆ, ಸಣ್ಣ ಉಂಗುರದ ಹಾಗೆ. ದರ ಕೊಟ್ಟಿದ್ದಾರೆ ಅಂದಮೇಲೆ ಕೇಳುವುದು ಒಟ್ಟು ಖರ್ಚನ್ನೇ ಇರಬೇಕು, ಅಲ್ವಾ? ಅಷ್ಟು ಊಹೆ ಸರಿ. ಮಗನಿಗೆ ಇಲ್ಲಿವರೆಗೆ ಮಾಡಲು ಹೇಳಿ: 24 ಮತ್ತು 18 ಕೂಡಿದರೆ 42, ಅದರ ಎರಡರಷ್ಟು 84, ಮೂರು ಸುತ್ತಿಗೆ 252 ಮೀಟರ್. ದರ 18 ಇದ್ದರೆ 4,536 ರೂಪಾಯಿ, 19 ಇದ್ದರೆ 4,788. ಎರಡೂ ನಂಬುವಂಥ ಉತ್ತರವೇ. ಅದಕ್ಕೇ 252ರ ಹತ್ತಿರ ನಿಲ್ಲಿಸಿ, ಕೆಳಗೆ ಎರಡು ಸಾಲು ಜಾಗ ಬಿಡಿಸಿ. ತಪ್ಪು ದರ ಹಿಡಿದು ಪೂರ್ತಿ ಮಾಡಿದರೆ ಸರಿಯಾಗಿ ಗುಣಿಸಿದ ಮಗುವಿಗೂ ತಪ್ಪು ಗುರುತು ಬೀಳುತ್ತದೆ. ತನಗೆ ಲೆಕ್ಕ ಬರುವುದಿಲ್ಲ ಅಂದುಕೊಳ್ಳುತ್ತಾನೆ. ನನ್ನ ಕ್ಲಾಸಿನಲ್ಲೇ ಇದನ್ನು ಕಂಡು ಬೇಜಾರಾಗಿದ್ದಿದೆ.

ಇಡೀ ಪ್ರಶ್ನೆಯೇ ಕಾಣೆಯಾಗಿದ್ದರೆ ಗೊತ್ತೇ ಆಗುವುದಿಲ್ಲ. ಹಾಳೆಯ ತಲೆಯಲ್ಲಿ ಒಟ್ಟು ಅಂಕ ಬರೆದಿದ್ದರೆ ಕಾಣುವ ಪ್ರಶ್ನೆಗಳ ಅಂಕ ಕೂಡಿ ನೋಡಿ. ಮೇಲೆ 20 ಇದ್ದು ಕೂಡಿದ್ದು 18 ಬಂದರೆ ಎರಡು ಅಂಕದ್ದು ಎಲ್ಲೋ ಉಳಿದಿದೆ.

ಆಮೇಲೆ ಗೆಳೆಯನ ಮನೆಗೆ ಫೋನ್ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಫೋಟೋ ಬರಲು ಅರ್ಧ ದಿನ ಹಿಡಿದರೂ ಮಾತಿಗೆ ಅಷ್ಟೋ ಇಷ್ಟೋ ಸಿಗ್ನಲ್ ಇರುತ್ತದೆ. ‘ಫೋಟೋ ಸರಿ ಬಂದಿಲ್ಲ’ ಅಂತ ಸುಮ್ನೆ ಹೇಳಬೇಡಿ. ‘ಆರನೇ ಲೆಕ್ಕ, ಒಂದು ಮೀಟರ್ ತಂತಿಗೆ ಅಂತ ಇದೆಯಲ್ಲ, ಅಲ್ಲಿಂದ ಓದಿ’ ಅನ್ನಿ. ಅಂಕಿಯನ್ನು ನೀವೇ ವಾಪಸ್ ಹೇಳಿ ಖಚಿತ ಮಾಡಿಕೊಳ್ಳಿ.

ಮತ್ತೆ ಫೋಟೋ ತೆಗೆಯುವುದಾದರೆ ಅವರಿಗೆ ಒಂದು ಮಾತು ಹೇಳಿ. ಮೋಡದ ದಿನ ಒಳಗೆ ಬಲ್ಬಿನ ಕೆಳಗೆ ಬಗ್ಗಿ ತೆಗೆದರೆ ತಲೆ ಮತ್ತು ಫೋನಿನ ನೆರಳು ಹಾಳೆಯ ಮೇಲೇ ಬೀಳುತ್ತದೆ. ನಿಂತಲ್ಲಿಂದ ಕೈ ಚಾಚಿದರೆ ಫೋನ್ ಓರೆಯಾಗಿ, ಹತ್ತಿರದ ಅಂಚು, ಅಂದರೆ ಕೆಳಗಿನ ಸಾಲು, ಚೌಕಟ್ಟಿನಿಂದ ಆಚೆ ಹೋಗುತ್ತದೆ. ಹಾಳೆಯನ್ನು ಜಗುಲಿಯಲ್ಲಿಟ್ಟು, ಬೆಳಕು ಪಕ್ಕದಿಂದ ಬರುವಂತೆ ಕೂತು, ಫೋನನ್ನು ಹಾಳೆಗೆ ನೇರವಾಗಿ ಮೇಲೆ ಹಿಡಿಯಲಿ. ಕೆಳಗಿನ ಎರಡೂ ಮೂಲೆಯಾಚೆ ಒಂದು ಬೆರಳಿನಷ್ಟು ನೆಲ ಕಾಣಲಿ. ನಿಮಗೆ ಇಡೀ ಹಾಳೆ ಬೇಕಾಗಿಲ್ಲ, ಕೆಳಗಿನ ಕಾಲು ಭಾಗದ್ದು ಒಂದು ಫೋಟೋ ಸಾಕು.