ಬರೀ ‘ಡನ್’ ಅಂತ ಬಂದ ಮೇಲ್‌ಗೆ ಏನು ಬರೆಯೋದು?

ಪ್ರಶ್ನೆ: ನನ್ನ ಟೀಮಿನ ಹುಡುಗ ಮೇಲ್‌ನಲ್ಲಿ ಬರೀ ‘ಡನ್’ ಅಂತ ಕಳಿಸ್ತಾನೆ. ಯಾವ ಕೆಲಸ, ಎಲ್ಲಿಗೆ ಬಂತು, ಏನೂ ಗೊತ್ತಾಗಲ್ಲ. ಅವನಿಗೆ ಬೇಜಾರಾಗದ ಹಾಗೆ ಏನಂತ ಬರೆಯಲಿ?

ಸಿರಸಿಯಲ್ಲಿ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಲೋಡ್ ಕಳಿಸುವ ಕೆಲಸ ನೋಡಿಕೊಳ್ಳುತ್ತೇನೆ. ಇಂಥ ಮೇಲ್ ನನಗೂ ಬರುತ್ತವೆ. ‘ಅಪ್‌ಡೇಟ್ ಸರಿಯಾಗಿ ಕೊಡು’ ಅಂತ ಮಾತ್ರ ಬರೆಯಬೇಡಿ. ‘ಓಕೆ ಸರ್’ ಅಂತ ಉತ್ತರ ಬರುತ್ತದೆ, ನೀವು ಇದ್ದಲ್ಲೇ ಇರುತ್ತೀರಿ. ಕೆಲಸ ಪೂರ್ತಿ ಮುಗಿದರೆ ಮಾತ್ರ ಅವನ ಕೈಗೆ ಸಿಗುವಂಥದ್ದು ಏನಾದರೂ ಇದ್ದೇ ಇರುತ್ತದೆ. ಅದನ್ನು ಕೇಳಿ.

ನಮ್ಮಲ್ಲಿ ನಡೆಯೋದನ್ನೇ ಹೇಳ್ತೀನಿ. ಬೆಳಿಗ್ಗೆ ಹುಡುಗನಿಗೆ ಒಂದೇ ಮೇಲ್‌ನಲ್ಲಿ ಮೂರು ಕೆಲಸ ಹೋಗಿರುತ್ತದೆ: ಗುಜರಾತಿಗೆ ಹೊರಡುವ ಚಾಲಿ ಅಡಿಕೆ ಲೋಡಿಗೆ ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ ಇ-ವೇ ಬಿಲ್, ಇನ್ನೊಬ್ಬರಿಗೆ ರಾಶಿ ಅಡಿಕೆಯ ಸ್ಯಾಂಪಲ್, ಮತ್ತೆ ಚೀಲದ ಲೆಕ್ಕ. ಮಧ್ಯಾಹ್ನ ‘ಡನ್ ಸರ್’ ಅಂತ ಬರುತ್ತದೆ. ಮೂರರಲ್ಲಿ ಯಾವುದು? ಇ-ವೇ ಬಿಲ್ಲೇ ಅಂತ ಇಟ್ಟುಕೊಂಡರೂ ಅದರಲ್ಲಿ ಎರಡು ಭಾಗ ಇದೆ. ಪಾರ್ಟ್ ಎ-ಯಲ್ಲಿ ಮಾಲು, ಬೆಲೆ, ಕಳಿಸುವವರು, ಪಡೆಯುವವರು. ಪಾರ್ಟ್ ಬಿ-ಯಲ್ಲಿ ಲಾರಿ ನಂಬರು. ಪಾರ್ಟ್ ಎ ಮಾತ್ರ ತುಂಬಿದರೂ ಒಂದು ನಂಬರು ಬರುತ್ತದೆ, ಪ್ರಿಂಟೂ ಸಿಗುತ್ತದೆ, ನೋಡಿದರೆ ಎಲ್ಲಾ ಆದ ಹಾಗೇ ಕಾಣುತ್ತದೆ. ಆದರೆ ಅದನ್ನು ಹಿಡಿದುಕೊಂಡು ಲಾರಿ ಗುಜರಾತಿಗೆ ಹೊರಡುವ ಹಾಗಿಲ್ಲ.

ಇಲ್ಲಿ ಹುಡುಗ ಸುಳ್ಳು ಹೇಳಿದ ಅಂತಲ್ಲ. ರಾಜ್ಯದೊಳಗೇ ನಮ್ಮ ಅಂಗಡಿಯಿಂದ ಟ್ರಾನ್ಸ್‌ಪೋರ್ಟಿನವರ ಗೋಡೌನಿಗೆ 50 ಕಿ.ಮೀ. ಒಳಗೆ ಮಾಲು ಒಯ್ಯೋದಾದರೆ ಪಾರ್ಟ್ ಬಿ ಬೇಕಾಗುವುದಿಲ್ಲ. ಅವನು ಗೋಡೌನಿಗೆ ಹಾಕೋದನ್ನು ಮನಸ್ಸಲ್ಲಿಟ್ಟುಕೊಂಡು ಡನ್ ಅಂದಿರುತ್ತಾನೆ, ನಾನು ಲಾರಿ ಹುಬ್ಬಳ್ಳಿ ದಾಟೋದನ್ನು ಯೋಚಿಸ್ತಿರುತ್ತೇನೆ. ಅದಕ್ಕೇ ಬರೀ ನಂಬರು ಕೇಳಿದರೆ ಸಾಲದು. ಯಾವ ತಾರೀಖಿನವರೆಗೆ ನಡೆಯುತ್ತದೆ ಅಂತ ಕೇಳಬೇಕು. ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಸಿಗುವ ಆ ಅವಧಿ ಶುರುವಾಗೋದೇ ಪಾರ್ಟ್ ಬಿ ತುಂಬಿದ ಮೇಲೆ, ಹಾಗಾಗಿ ಕೊನೆಯ ತಾರೀಖು ಹೇಳಿದ ಅಂದರೆ ಕೆಲಸ ನಿಜಕ್ಕೂ ಮುಗಿದಿದೆ.

ನಾನು ಬರೆಯೋದು ಹೀಗೆ:

‘ತಮ್ಮಾ, ನಿನ್ನ ಮೇಲ್ ಸಿಕ್ಕಿತು. ಬೆಳಿಗ್ಗೆ ನಾನು ಮೂರು ಕೆಲಸ ಕಳಿಸಿದ್ದೆ. ಇದು ಚಾಲಿ ಲೋಡಿನ ಇ-ವೇ ಬಿಲ್ಲಿನ ವಿಷಯ ಅಂದುಕೊಂಡಿದ್ದೇನೆ, ಅಲ್ಲದಿದ್ದರೆ ಹೇಳು. ಪಾರ್ಟ್ ಬಿ-ಯಲ್ಲಿ ಹಾಕಿದ ಲಾರಿ ನಂಬರು ಮತ್ತು ಬಿಲ್ಲಿನ ಕೊನೆಯ ತಾರೀಖು ಕಳಿಸು. ಲಾರಿ ಇನ್ನೂ ಗೊತ್ತಾಗಿಲ್ಲ ಅಂದರೆ ಅದನ್ನೇ ಬರೆ, ತೊಂದರೆ ಇಲ್ಲ. 4 ಗಂಟೆಗೆ ಡ್ರೈವರಿಗೆ ಹೊರಡು ಅನ್ನಬೇಕು, ಅದಕ್ಕೆ ಕೇಳ್ತಿದ್ದೇನೆ. ಉಳಿದ ಎರಡು ಕೆಲಸ ಸಂಜೆ ಹೇಳಿದರೆ ಸಾಕು.’

‘ತಮ್ಮಾ’ ಅನ್ನೋದು ನಮ್ಮ ಕಡೆ ನಡೆಯುತ್ತದೆ, ನಿಮ್ಮಲ್ಲಿ ಹೆಸರು ಹಿಡಿದು ‘ನೀವು’ ಅನ್ನೋ ರೂಢಿ ಇದ್ದರೆ ಹಾಗೇ ಬರೆಯಿರಿ. ಆದರೆ ಎರಡು ಮಾತು ಬಿಡಬೇಡಿ. ಒಂದು, ನಾನು ಹೀಗೆ ಅಂದುಕೊಂಡಿದ್ದೇನೆ ಅನ್ನೋದು. ತಪ್ಪಿದ್ದರೆ ಅವನು ತಿದ್ದಿದರಾಯಿತು, ಅಷ್ಟುದ್ದ ವಿವರಣೆ ಬರೆಯೋ ತಲೆನೋವು ಅವನಿಗಿಲ್ಲ. ಇನ್ನೊಂದು, ಆಗದಿದ್ದರೆ ಆಗಿಲ್ಲ ಅನ್ನೋಕೆ ಜಾಗ ಕೊಡೋದು. ಅದಿಲ್ಲದಿದ್ದರೆ ಹುಡುಗರು ಅರ್ಧ ಆದದ್ದಕ್ಕೂ ಡನ್ ಅಂತಲೇ ಹಾಕ್ತಾರೆ, ಬೈಸಿಕೊಳ್ಳೋ ಹೆದರಿಕೆಗೆ. ಮತ್ತೆ ಈ ಮೇಲ್‌ಗೆ ಬೇರೆಯವರನ್ನು ಸೇರಿಸಬೇಡಿ. ಆಮೇಲೆ ಅವನು ಉತ್ತರ ಬರೆಯೋದು ನಿಮಗಲ್ಲ, ನೋಡ್ತಾ ಇರೋ ಅವರಿಗೆಲ್ಲ.

ಈ ಅಭ್ಯಾಸದ ಬಗ್ಗೆ ಹೇಳೋದಿದ್ದರೆ ಅದೇ ಮೇಲ್‌ನಲ್ಲಿ ತುರುಕಬೇಡಿ. ಲೋಡ್ ಹೋದ ಮೇಲೆ, ಚಹಾ ಕುಡಿಯುವಾಗ ಹೇಳಿದರೂ ನಡೆಯುತ್ತದೆ. ‘ಕೆಲಸದ ಹೆಸರು, ಎಲ್ಲಿಗೆ ಬಂತು, ನನ್ನಿಂದ ಏನು ಬೇಕು, ಇಷ್ಟು ಬರೆ’ ಅಂದರೆ ಸಾಕು. ನೀವೂ ಕೆಲಸಕ್ಕೊಂದು ಮೇಲ್ ಕಳಿಸಿ, ವಿಷಯದ ಸಾಲಿನಲ್ಲಿ ಆ ಕೆಲಸದ ಹೆಸರು ಹಾಕಿ. ಆಗ ಅವನು ಅದಕ್ಕೇ ಉತ್ತರಿಸಿ ಬರೀ ‘ಡನ್’ ಅಂದರೂ ಯಾವ ಕೆಲಸ ಅನ್ನೋದಾದರೂ ಗೊತ್ತಾಗುತ್ತದೆ.

ಲಾರಿ ಸ್ಟಾರ್ಟ್ ಆಗಿ ನಿಂತಿದ್ದರೆ ಮಾತ್ರ ಮೇಲ್ ಗೀಲ್ ಬಿಡಿ, ಫೋನ್ ಮಾಡಿ.